ದಾಖಲಾತಿ ಕಾಲ: ಪೋಷಕರ ಮೊಬೈಲಿಗೆ ಏನು ಕಳಿಸಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೇ ಪಿಯು ಕಾಲೇಜುಗಳ ಪೋಸ್ಟರುಗಳು ಫೇಸ್‌ಬುಕ್‌ನಲ್ಲಿ ಸಾಲುಗಟ್ಟುತ್ತವೆ. ಕಟ್ಟಡದ ಡ್ರೋನ್ ವಿಡಿಯೊ ಇರುತ್ತದೆ, ಟಾಪರ್‌ಗಳ ಫೋಟೊ ಇರುತ್ತದೆ. ಅಪ್ಪ ಅಮ್ಮ ಹುಡುಕುವ ವಿವರ ಮಾತ್ರ ಸಿಗುವುದಿಲ್ಲ.

ಆ ವಿವರ ಯಾವುದೆಂದು ಕಾಲೇಜಿನ ಕಚೇರಿಗೆ ಗೊತ್ತಿರುತ್ತದೆ. ಕಳೆದ ವರ್ಷ ಫೋನ್ ಎತ್ತಿದವರನ್ನು ಕೇಳಿ, ಪೋಷಕರ ಪ್ರಶ್ನೆಗಳನ್ನು ಬರೆದುಕೊಳ್ಳಿ. ತಿಪಟೂರಿನಂಥ ತಾಲ್ಲೂಕು ಕೇಂದ್ರದ ಒಂದು ಖಾಸಗಿ ಕಾಲೇಜನ್ನು ಊಹಿಸಿಕೊಳ್ಳೋಣ. ಅಲ್ಲಿನ ಪ್ರಶ್ನೆಗಳು ಹೀಗಿರುತ್ತವೆ: ಎಲ್ಲ ಸೇರಿ ಖರ್ಚೆಷ್ಟು, ಕಂತಿನಲ್ಲಿ ಕಟ್ಟಬಹುದೆ? ನಮ್ಮೂರಿಗೆ ಬಸ್ ಬರುತ್ತದೆಯೆ? ಹುಡುಗಿಯರಿಗೆ ಹಾಸ್ಟೆಲ್ ಇದೆಯೆ? ಪಿಸಿಎಂಬಿ ಕೊಡಿಸಬೇಕೋ, ಪಿಸಿಎಂಸಿಯೋ? ಒಂದು ಪ್ರಶ್ನೆಗೆ ಒಂದೇ ಪೋಸ್ಟ್. ಇಷ್ಟೇ ಯೋಜನೆಯ ಬೆನ್ನೆಲುಬು.

ಮುಂದಿನದು ಕ್ರಮ. ಫಲಿತಾಂಶ 2024ರಲ್ಲಿ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ ಬಂತು. ಆದ್ದರಿಂದ ಏಪ್ರಿಲ್‌ನಲ್ಲೇ ವಿಷಯ ಆಯ್ಕೆಯ ಬಗ್ಗೆ ಹೇಳಬೇಕು. ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ಇರುತ್ತದೆ ಎಂಬ ಸರಳ ಮಾತೂ ಎಷ್ಟೋ ಮನೆಗಳಿಗೆ ಹೊಸದು. ಏಪ್ರಿಲ್ ಕೊನೆಗೆ ಬಸ್ ಮತ್ತು ಹಾಸ್ಟೆಲ್ ವಿವರ. 'ಸಾರಿಗೆ ಸೌಲಭ್ಯವಿದೆ' ಎಂದರೆ ಸಾಲದು. ಊರಿನ ಹೆಸರು, ಬಸ್ ಬರುವ ಹೊತ್ತು ಇರಬೇಕು. ಫಲಿತಾಂಶದ ವಾರದಲ್ಲಿ ಶುಲ್ಕದ ಪಟ್ಟಿ, ತರಬೇಕಾದ ದಾಖಲೆಗಳು, ಕಚೇರಿಯ ವೇಳೆ. ನೀಟ್, ಸಿಇಟಿ ತರಬೇತಿಗೆ ಬೇರೆ ಹಣವಿದ್ದರೆ ಅದೇ ಪಟ್ಟಿಯಲ್ಲಿ ಕಾಣಿಸಿ. ಮರೆಮಾಚಿದ ಶುಲ್ಕ ಕೌಂಟರಿನಲ್ಲಿ ಹೊರಬಿದ್ದರೆ ಪೋಷಕರು ಅಲ್ಲಿಂದಲೇ ವಾಪಸಾಗುತ್ತಾರೆ.

ಮಕ್ಕಳು ಇನ್‌ಸ್ಟಾಗ್ರಾಂ ನೋಡಿದರೆ, ಮನೆಯವರ ಚರ್ಚೆ ನಡೆಯುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ. ಚಿಕ್ಕಪ್ಪ ಕಳಿಸಿದ ಚಿತ್ರ ಅತ್ತೆಯ ಮನೆಗೆ ತಲುಪುವಷ್ಟರಲ್ಲಿ ಅದರ ಕೆಳಗಿನ ಬರಹ ಕಳಚಿಹೋಗಿರಬಹುದು. ಹಾಗಾಗಿ ಕಾಲೇಜಿನ ಹೆಸರು, ಊರು, ಶೈಕ್ಷಣಿಕ ವರ್ಷ, ಫೋನ್ ನಂಬರ್ ಚಿತ್ರದ ಮೇಲೆಯೇ ದಪ್ಪ ಅಕ್ಷರದಲ್ಲಿರಲಿ. ವರ್ಷ ಹಾಕದಿದ್ದರೆ ಹಳೆಯ ಶುಲ್ಕದ ಚಿತ್ರ ಮುಂದಿನ ವರ್ಷವೂ ಓಡಾಡಿ ಜಗಳ ತರುತ್ತದೆ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ವಿಚಾರಿಸಲು ಬಂದ ಪೋಷಕರಿಗೆ ಅಲ್ಲೇ ನಂಬರ್ ಉಳಿಸಿಕೊಳ್ಳಲು ಹೇಳಿ.

ಫಲ ಸಿಕ್ಕಿತೆಂದು ತಿಳಿಯುವುದು ಹೇಗೆ? ಲೈಕುಗಳನ್ನು ನಂಬಬೇಡಿ, ಹೆಚ್ಚಿನವು ನಿಮ್ಮದೇ ವಿದ್ಯಾರ್ಥಿಗಳವು. ವಿಚಾರಣೆಯ ಪುಸ್ತಕದಲ್ಲಿ 'ಎಲ್ಲಿ ನೋಡಿ ಬಂದಿರಿ?' ಎಂಬ ಅಂಕಣ ಸೇರಿಸಿ, ವಾರಕ್ಕೊಮ್ಮೆ ಓದಿ. ಬಸ್ಸಿನ ಬಗ್ಗೆ ಫೋನುಗಳು ನಿಲ್ಲದಿದ್ದರೆ ಆ ಪೋಸ್ಟ್ ಅರ್ಥವಾಗಿಲ್ಲ ಎಂದೇ ಲೆಕ್ಕ. ತಿದ್ದಿ ಮತ್ತೆ ಹಾಕಿ.

ಟಾಪರ್‌ಗಳ ಫೋಟೊ ಹಾಕುವ ಮುನ್ನ ಅವರ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಮಗುವಿನ ಮುಖವನ್ನು ಕೇಳದೆ ಜಾಹೀರಾತಿಗೆ ಬಳಸುವ ಕಾಲೇಜಿಗೆ ತಮ್ಮ ಮಗುವನ್ನು ಒಪ್ಪಿಸಲು ಯಾವ ತಾಯಿಯೂ ಎರಡು ಸಲ ಯೋಚಿಸಬೇಕು.