ಬಂಗಾರ ಏರಿದ್ರೂ ಗಣಿ ಕಂಪನಿ ಶೇರು ಯಾಕೆ ಇಳಿಯುತ್ತೆ?

ಇವತ್ತಿನ ಮಾತು ನಮ್ಮ ಮನೆಯಿಂದಲೇ ಶುರು. ಠಾಕುರ್ಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ನಮ್ಮ ಅಕ್ಕ ಇರೋದು. ಇನ್ನೆರಡು ವರ್ಷಕ್ಕೆ ಮಗಳ ಮದುವೆ. 50 ಗ್ರಾಂ ಬಂಗಾರ ಹಾಕಬೇಕು ಅಂತ ಮೊದಲೇ ಲೆಕ್ಕ ಹಾಕಿದ್ದಾಳೆ. ಡೊಂಬಿವ್ಲಿ ಫಡಕೆ ರೋಡಿನಲ್ಲಿ ರೇಟು ಕೇಳಿ ಬಂದವಳು ಮೊಬೈಲ್ ತೋರಿಸಿದಳು: "ತಮ್ಮಾ, ಈ ಗೋಲ್ಡ್ ಫಂಡಿನ್ಯಾಗ ರೊಕ್ಕ ಹಾಕ್ಲೇನು? ಬಂಗಾರ ಏರಿದ್ರ ಇದೂ ಏರತೈತಿ, ಹೌದಲ್ಲ?"

ನಾನು ಫಂಡಿನ ಫ್ಯಾಕ್ಟ್‌ಶೀಟ್ ತೆಗೆದು ನೋಡಿದೆ. ಒಳಗೆ ಇದ್ದದ್ದು ಬಂಗಾರ ಅಲ್ಲ. ನ್ಯೂಮಾಂಟ್, ಬ್ಯಾರಿಕ್ ಥರದ ವಿದೇಶಿ ಗಣಿ ಕಂಪನಿಗಳ ಶೇರು. ಹೆಸರಿನಲ್ಲಿ ಮಾತ್ರ ಗೋಲ್ಡ್.

ಇವೆರಡಕ್ಕೂ ವ್ಯತ್ಯಾಸ ಏನು? ಬಂಗಾರದ ನಾಣ್ಯಕ್ಕೆ ಸಂಬಳ ಕೊಡಬೇಕಿಲ್ಲ, ಡೀಸೆಲ್ ಹಾಕಬೇಕಿಲ್ಲ. ಗಣಿಗೆ ಎರಡೂ ಬೇಕು. ಶೇರು ಕೊಂಡವರಿಗೆ ಸಿಗೋದು ಬಂಗಾರದ ಬೆಲೆಯಲ್ಲ. ಬೆಲೆಯಿಂದ ಖರ್ಚು ಕಳೆದು ಉಳಿದದ್ದರಲ್ಲಿ ಒಂದು ಪಾಲು.

ಒಂದು ಸುಲಭ ಲೆಕ್ಕ ಮಾಡೋಣ. ಗ್ರಾಂಗೆ ಬೆಲೆ 6,000 ರೂಪಾಯಿ, ತೆಗೆಯುವ ಖರ್ಚು 5,000 ಅಂತ ಇಟ್ಟುಕೊಳ್ಳಿ. ಲಾಭ 1,000. ಬಂಗಾರ 10% ಏರಿ 6,600 ಆಯ್ತು. ಖರ್ಚು ಹಾಗೇ ಇದ್ದರೆ ಲಾಭ 1,600, ಅಂದರೆ 60% ಏರಿಕೆ. ಜನ ಗಣಿ ಶೇರಿಗೆ ಮುಗಿಬೀಳೋದು ಇದೇ ಆಸೆಗೆ. ಆದರೆ ಅದೇ ವರ್ಷ ಖರ್ಚು 20% ಏರಿ 6,000 ಆದರೆ? ಲಾಭ ಬರೀ 600. ಬಂಗಾರ 10% ಮೇಲೆ, ಲಾಭ 40% ಕೆಳಗೆ!

ಖರ್ಚು ಅಷ್ಟು ಯಾಕೆ ಏರುತ್ತೆ ಅಂತೀರಾ? ಡೀಸೆಲ್, ಕೂಲಿ ಒಂದು ಕಾರಣ. ಇನ್ನೊಂದು ಅದಿರು. ಬೆಲೆ ಏರಿದಾಗ, ಮೊದಲು ಬೇಡ ಅಂತ ಬಿಟ್ಟಿದ್ದ ಕಡಿಮೆ ಬಂಗಾರದ ಕಲ್ಲನ್ನೂ ಗಣಿಯವರು ಒಡೆಯುತ್ತಾರೆ. ಒಂದು ಗ್ರಾಂಗೆ ಹೆಚ್ಚು ಕಲ್ಲು, ಹೆಚ್ಚು ಖರ್ಚು.

ಇದಕ್ಕೆ ನಮ್ಮ ಕೋಲಾರದ ಕೆಜಿಎಫ್‌ಗಿಂತ ಉದಾಹರಣೆ ಬೇಕೇ? ಶುರುವಿನ ಕಾಲದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಬಂಗಾರ ಸಿಗುತ್ತಿತ್ತು. ಕೊನೆಕೊನೆಗೆ 3 ಗ್ರಾಂ ಆಸುಪಾಸು. ಗಣಿ 3 ಕಿಲೋಮೀಟರಿಗೂ ಆಳ ಹೋಗಿತ್ತು. ಅಲ್ಲಿಗೆ ತಂಪು ಗಾಳಿ ಕಳಿಸಬೇಕು, ನೀರು ಮೇಲೆತ್ತಬೇಕು. 1980ರಲ್ಲಿ 10 ಗ್ರಾಂ ಬಂಗಾರ ಸುಮಾರು 1,300 ರೂಪಾಯಿ ಇದ್ದದ್ದು 2000ದ ಹೊತ್ತಿಗೆ 4,400ರ ಹತ್ತಿರ ಬಂದಿತ್ತು. ಅಂದರೆ ಮೂರು ಪಟ್ಟು. ಆದರೂ 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅದು ಸರ್ಕಾರಿ ಕಂಪನಿ, ಅದರ ಶೇರು ನಮ್ಮ ನಿಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಪಾಠ ಅದೇ: 1980ರಲ್ಲಿ ಬಳೆ ಮಾಡಿಸಿದವರ ಬಳೆ ಉಳಿಯಿತು, ಬಂಗಾರ ತೆಗೆದ ಗಣಿ ಉಳಿಯಲಿಲ್ಲ.

ಇನ್ನು ಶೇರು ಮಾರುಕಟ್ಟೆಗೆ ಬರೋಣ. 2011ರಲ್ಲಿ ಡಾಲರ್ ಲೆಕ್ಕದಲ್ಲಿ ಬಂಗಾರ ಸುಮಾರು 10% ಏರಿತು. ದೊಡ್ಡ ಗಣಿ ಕಂಪನಿಗಳ ಶೇರು ಇಟ್ಟುಕೊಂಡಿರುವ ಅಮೆರಿಕದ GDX ಫಂಡು ಸುಮಾರು 16% ಇಳಿಯಿತು. 2012ರಲ್ಲೂ ಬಂಗಾರ ಮೇಲೆ, GDX ಕೆಳಗೆ. ಆಗ ಕಂಪನಿಗಳು ದುಬಾರಿ ಖರೀದಿಗೆ ಇಳಿದಿದ್ದವು. ಕೆನಡಾದ ಕಿನ್‌ರಾಸ್ 2010ರಲ್ಲಿ ಸುಮಾರು 7 ಬಿಲಿಯನ್ ಡಾಲರಿಗೆ ರೆಡ್ ಬ್ಯಾಕ್ ಎಂಬ ಕಂಪನಿಯನ್ನು ಕೊಂಡಿತು. ಮಾರಿಟೇನಿಯಾದ ಟಾಸಿಯಾಸ್ಟ್ ಗಣಿ ಮೇಲೆ ಅದಕ್ಕೆ ಕಣ್ಣು. ದುಡ್ಡಿನ ಬದಲು ಬಹುಪಾಲು ಹೊಸ ಶೇರು ಕೊಟ್ಟಿತು. 2012ರ ಶುರುವಿನಲ್ಲೇ, ಕೊಟ್ಟ ಬೆಲೆ ಜಾಸ್ತಿಯಾಯ್ತು ಅಂತ ಸುಮಾರು 2.5 ಬಿಲಿಯನ್ ಡಾಲರನ್ನು ಲೆಕ್ಕದಿಂದ ತೆಗೆದುಹಾಕಿತು.

ಹೊಸ ಶೇರು ಯಾಕೆ ಮುಖ್ಯ? ನಮ್ಮ 600 ರೂಪಾಯಿ ಲಾಭಕ್ಕೇ ವಾಪಸ್ ಬನ್ನಿ. ಅದನ್ನು 100 ಶೇರಿಗೆ ಹಂಚಿದರೆ ತಲಾ 6 ರೂಪಾಯಿ. ಶೇರು 125 ಆದರೆ 4.80. ಲಾಭ ಅಷ್ಟೇ, ನಿಮ್ಮ ಪಾಲು ಮಾತ್ರ ಸಣ್ಣದು.

ಹಾಗಾಗಿ ಗಣಿ ಶೇರು ಕೊಳ್ಳಲೇಬೇಕು ಅಂದರೆ ಕಂಪನಿಯ ತ್ರೈಮಾಸಿಕ ವರದಿಯಲ್ಲಿ ಎರಡು ಅಂಕಿ ನೋಡಿ. ಒಂದು, AISC ಅಂತ ಬರೆದಿರುತ್ತಾರೆ: ಗಣಿ ನಡೆಸಿಕೊಂಡು ಹೋಗೋದೂ ಸೇರಿ ಒಂದು ಔನ್ಸಿಗೆ ತಗಲುವ ಖರ್ಚು. ಅದು ಬಂಗಾರಕ್ಕಿಂತ ಜೋರಾಗಿ ಏರುತ್ತಿದೆಯಾ? ಎರಡು, ಒಟ್ಟು ಶೇರಿನ ಸಂಖ್ಯೆ ವರ್ಷವರ್ಷ ಬೆಳೀತಿದೆಯಾ? ಎರಡಕ್ಕೂ ಹೌದು ಅಂತಾದರೆ ಬಂಗಾರ ಏರಿದ ಖುಷಿ ನಿಮ್ಮ ತನಕ ಬರೋದು ಕಷ್ಟ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. "ಅಕ್ಕಾ, ನೀನು ಕೊಡಬೇಕಾದ್ದು ರೂಪಾಯಿ ಲೆಕ್ಕದಲ್ಲಲ್ಲ, ಗ್ರಾಂ ಲೆಕ್ಕದಲ್ಲಿ. ಹಂಗಾರ ಗ್ರಾಮೇ ಕೂಡಿಸು." ನಾಣ್ಯಕ್ಕೆ 3% ಜಿಎಸ್‌ಟಿ ಇದೆ, ಒಡವೆ ಮಾಡಿಸುವಾಗ ಮಜೂರಿ ಇದೆ. ಅದು ನಷ್ಟ ನಿಜ, ಆದರೆ ಎಷ್ಟು ಅಂತ ಮೊದಲೇ ಗೊತ್ತಿರುವ ನಷ್ಟ. ಗಣಿ ಶೇರಿನ ನಷ್ಟ ಮದುವೆ ತಿಂಗಳಲ್ಲೇ ಗೊತ್ತಾಗಬಹುದು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಅಂದ್ರ ಅದು ಬಂಗಾರ ಅಲ್ಲ, ಬಂಗಾರದ ಅಂಗಡಿ ಪಾಲುದಾರಿಕಿ."

ಸರಿಯಾಗಿ ಹೇಳಿದಳು. ಮುಂದಿನ ವಿಡಿಯೋದಲ್ಲಿ ಸಿಗೋಣ.