ಅತ್ತೆಯ ಹುಟ್ಟುಹಬ್ಬಕ್ಕೆ ಸೊಸೆಯ ನಾಲ್ಕು ಸಾಲು

ಅತ್ತೆಯ ಹುಟ್ಟುಹಬ್ಬಕ್ಕೆ ಸ್ಟೇಟಸ್ ಹಾಕುವಾಗ "ನೀವು ದೇವತೆ" ಎಂದು ಬರೆದರೆ ಅದು ಯಾರ ಅತ್ತೆಗೂ ಹೊಂದುತ್ತದೆ. ಅವರೊಬ್ಬರಿಗೇ ಸಲ್ಲುವ ಒಂದು ಅಭ್ಯಾಸ ಹಿಡಿದು ಬರೆಯಿರಿ. ಉದಾಹರಣೆಗೆ:

"ಅತ್ತೆ, ಹುಟ್ಟುಹಬ್ಬದ ಶುಭಾಶಯಗಳು. ಸಾರಿಗೆ ಉಪ್ಪೆಷ್ಟು ಅಂತ ಕೇಳಿದರೆ ಇವತ್ತಿಗೂ 'ಕೈ ಅಳತೆ ಕಣಮ್ಮ' ಅಂತೀರಿ. ಆ ಅಳತೆ ನನಗಿನ್ನೂ ಕೂತಿಲ್ಲ. ಹಾಗಾಗಿ ನೀವು ನೂರು ವರ್ಷ ಆರೋಗ್ಯವಾಗಿ ಇರಲೇಬೇಕು. ಆಫೀಸಿನಿಂದ ತಡವಾಗಿ ಬಂದಾಗ ನನಗಾಗಿ ಮುಚ್ಚಿಟ್ಟ ಊಟ ಮರೆಯಲಾರೆ. ನಿಮ್ಮ ಆಶೀರ್ವಾದ ಸದಾ ಇರಲಿ."

ಇಲ್ಲಿ ನಗು ಹುಟ್ಟುವುದು ಅತ್ತೆಯ ಕೈಚಳಕದಿಂದ. ಅವರ ವಯಸ್ಸು, ಬೈಗುಳ, ಮಗನ ಮೇಲಿನ ಮೋಹ ಯಾವುದೂ ಬಂದಿಲ್ಲ. ಬಂಧುಗಳೆಲ್ಲ ಓದುವ ಕಡೆ ಅವು ಚುಚ್ಚುಮಾತಾಗುತ್ತವೆ. ಮೊದಲು ಕಾಲಿಗೆ ನಮಸ್ಕರಿಸಿ ಬಾಯ್ತುಂಬ ಹಾರೈಸಿ. ಪೋಸ್ಟ್ ಆಮೇಲೆ ಹಾಕಿ.