ಕಿವಿಗಾಗಿ ಬರೆದ ಬಸರೂರು

ಹಳೆಯ ವ್ಯಾಪಾರದ ಊರುಗಳ ಚರಿತ್ರೆ ಹೇಳುವ ಪಾಡ್‌ಕಾಸ್ಟ್ ಸರಣಿಗೆ ಪರಿಚಯದ ಮಾತು ಬರೆಯಲು ಕುಳಿತರೆ ಮೊದಲ ಸಾಲು ತಾನಾಗಿಯೇ ಬಂದುಬಿಡುತ್ತದೆ: ‘ನಮ್ಮ ನಾಡು ಪ್ರಾಚೀನ ಕಾಲದಿಂದಲೂ ವ್ಯಾಪಾರ ವಹಿವಾಟಿಗೆ ಹೆಸರುವಾಸಿ.’ ಅದರ ಬೆನ್ನಿಗೆ ಐಹೊಳೆ, ಬಳ್ಳಿಗಾವಿ, ಭಟ್ಕಳ, ಬಾರಕೂರು, ಬಸರೂರು ಎಂದು ಒಂದೇ ಉಸಿರಿನ ಪಟ್ಟಿ. ಪುಸ್ತಕದಲ್ಲಾದರೆ ಇದು ನಡೆದೀತು. ಬೇಡವಾದ ಸಾಲನ್ನು ಓದುಗರ ಕಣ್ಣು ದಾಟಿಕೊಂಡು ಹೋಗುತ್ತದೆ, ಬೇಕಾದರೆ ಹಿಂದಕ್ಕೂ ಬರುತ್ತದೆ. ಬಸ್ಸಿನಲ್ಲಿ ನಿಂತುಕೊಂಡೋ ಪಾತ್ರೆ ತೊಳೆಯುತ್ತಲೋ ಕೇಳುವವರಿಗೆ ಈ ಅನುಕೂಲವಿಲ್ಲ. ಐದನೆಯ ಊರು ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಹಾಗಾಗಿ ಪರಿಚಯದ ಎರಡು ನಿಮಿಷಕ್ಕೆ ಒಂದೇ ಊರು ಸಾಕು ಎಂಬುದು ನನ್ನ ವಾದ. ಸಾವಧಾನದ ಮಾತಿನಲ್ಲಿ ಕನ್ನಡ ನಿಮಿಷಕ್ಕೆ ನೂರು ಪದದ ಆಸುಪಾಸು ಸಾಗುತ್ತದೆ. ಎರಡು ನಿಮಿಷವೆಂದರೆ ಇನ್ನೂರು ಪದ. ಅಷ್ಟರಲ್ಲಿ ಒಂದು ಊರು, ಅಲ್ಲಿಂದ ಹೋಗುತ್ತಿದ್ದ ಒಂದು ಸರಕು, ಕೇಳುಗರನ್ನು ಕಂತಿನ ಕೊನೆಯವರೆಗೆ ಹಿಡಿದಿಡುವ ಒಂದು ಪ್ರಶ್ನೆ, ಇಷ್ಟಕ್ಕೇ ಜಾಗ.

ಊರು ಬಸರೂರು ಎಂದಿಟ್ಟುಕೊಳ್ಳಿ. ಕುಂದಾಪುರದಿಂದ ಒಳಕ್ಕೆ, ವಾರಾಹಿ ನದಿಯ ದಡದಲ್ಲಿದೆ. ಹದಿನಾಲ್ಕನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ಇದನ್ನು ‘ಅಬು ಸರೂರ್’ ಎಂದು ಕರೆದ. ತೆಂಗಿನ ಮರಗಳಿರುವ ಚಿಕ್ಕ ಊರು ಎಂದು ಬರೆದ. ವಿಜಯನಗರದ ಕಾಲದ ಶಾಸನಗಳಲ್ಲಿ ಇಲ್ಲಿನ ಪಡುಕೇರಿ, ಮೂಡುಕೇರಿಗಳೂ ಅಲ್ಲಿನ ಸೆಟ್ಟಿಕಾರರೂ ಕಾಣಿಸಿಕೊಳ್ಳುತ್ತಾರೆ. ಪೋರ್ಚುಗೀಸರ ಬಾಯಲ್ಲಿ ಊರು ‘ಬಾರ್ಸೆಲೋರ್’ ಆಯಿತು. 1569ರಲ್ಲಿ ಅವರು ಹೊಳೆ ಸಮುದ್ರ ಸೇರುವ ಕಡೆ ಕೋಟೆಯನ್ನೂ ಕಟ್ಟಿದರು. ಆಮೇಲೆ ಊರು ಕೆಳದಿಯ ನಾಯಕರ ಕೈಯಲ್ಲಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಹಡಗುಗಳ ದಂಡನ್ನೇ ಕಟ್ಟಿಕೊಂಡು ಬಂದು ಬಸರೂರನ್ನು ಲೂಟಿ ಮಾಡಿದ.

ಬರೆಯುವವರೆಲ್ಲ ಜಾರಿ ಬೀಳುವುದು ಈ ಕೊನೆಯ ಸಂಗತಿಯ ಹತ್ತಿರ. ಹಡಗು, ಲೂಟಿ, ಶಿವಾಜಿ ಎಲ್ಲವೂ ಸಿಕ್ಕಿದ ಮೇಲೆ ಹಿನ್ನೆಲೆ ಸಂಗೀತ ಏರಿಸಿ ಯುದ್ಧದ ವರ್ಣನೆಗೆ ಇಳಿಯುತ್ತಾರೆ. ಆದರೆ ಲೂಟಿ ಒಂದು ದಿನದ ಮಾತು. ಲೂಟಿಗೆ ಯೋಗ್ಯವಾಗುವಷ್ಟು ಹಣ ಆ ಊರಿನಲ್ಲಿ ಸೇರಲು ನೂರಾರು ವರ್ಷ ಹಿಡಿದಿತ್ತು. ಸರಣಿ ಇರುವುದು ವ್ಯಾಪಾರದ ಊರುಗಳ ಬಗ್ಗೆ. ಆದ್ದರಿಂದ ದಂಡು ಬಂದದ್ದು ಬಾಗಿಲು ತಟ್ಟುವುದಕ್ಕೆ ಮಾತ್ರ. ಬಾಗಿಲು ತೆರೆದಾಗ ಒಳಗಿರಬೇಕಾದದ್ದು ಅಕ್ಕಿ.

ಬಸರೂರಿನ ಐಶ್ವರ್ಯಕ್ಕೆ ದೊಡ್ಡ ಆಧಾರ ಅಕ್ಕಿಯೇ. ಕರಾವಳಿಯ ಗದ್ದೆಗಳ ಅಕ್ಕಿ ಹೊಳೆಯಲ್ಲಿ ಇಳಿದು ಗೋವಾಕ್ಕೆ ಹೋಗುತ್ತಿತ್ತು, ಅರಬ್ಬೀ ಸಮುದ್ರ ದಾಟಿ ಹೊರ್ಮುಜ್, ಮಸ್ಕತ್‌ಗಳಿಗೂ ಹೋಗುತ್ತಿತ್ತು. ಗೋವಾದ ಪೋರ್ಚುಗೀಸರಿಗೆ ಅಲ್ಲಿನ ಬೆಳೆ ಸಾಲುತ್ತಿರಲಿಲ್ಲ. ಕೆನರಾದ ಅಕ್ಕಿ ಹೊತ್ತ ದೋಣಿಗಳು ದಾರಿಯಲ್ಲಿ ಸುಲಿಗೆಗೆ ಸಿಗದಂತೆ ಕಾವಲು ಹಡಗುಗಳ ಜತೆ ಗುಂಪಾಗಿ ಸಾಗುತ್ತಿದ್ದವು. ಮೆಣಸಿನ ಕಥೆ ನಾವು ಶಾಲೆಯಲ್ಲೇ ಕೇಳಿದ್ದೇವೆ. ಅಕ್ಕಿ ತಡವಾದರೆ ಒಂದು ರಾಜಧಾನಿ ಹಸಿಯುತ್ತಿತ್ತು ಎಂಬುದನ್ನು ಕೇಳಿದವರು ಕಡಿಮೆ. ಕೇಳುಗರಿಗೆ ಅಚ್ಚರಿ ಹುಟ್ಟಿಸುವುದು ಇದು.

ಇದನ್ನೇ ಇಬ್ಬರ ಮಾತುಕತೆಯಾಗಿ ಬರೆದರೆ ಹೀಗೆ ಬರುತ್ತದೆ:

ಮೊದಲ ದನಿ: ಕುಂದಾಪುರದಿಂದ ಸ್ವಲ್ಪ ಒಳಗೆ ಹೋದ್ರೆ ಬಸರೂರು. ವಾರಾಹಿ ಹೊಳೆ ಪಕ್ಕ. 1665ರಲ್ಲಿ ಈ ಬಸರೂರಿಗೆ ಶಿವಾಜಿ ದಂಡು ಬಂತು. ಕುದುರೆ ಮೇಲಲ್ಲ, ಹಡಗಲ್ಲಿ.

ಎರಡನೇ ದನಿ: ಎಷ್ಟು ಹಡಗು?

ಮೊದಲ ದನಿ: ಎಂಬತ್ತಕ್ಕೂ ಜಾಸ್ತಿ.

ಎರಡನೇ ದನಿ: ಅಲ್ಲ, ಬಸರೂರು ನಾನು ನೋಡಿದೀನಿ. ದೇವಸ್ಥಾನ ಇದೆ, ತೋಟ ಇದೆ. ಅಲ್ಲಿ ನಿಂತ್ರೆ ಸಮುದ್ರಾನೇ ಕಾಣಲ್ಲ. ದೋಚೋಕೆ ಏನಿತ್ತು ಅಲ್ಲಿ?

ಮೊದಲ ದನಿ: ವ್ಯಾಪಾರಿಗಳ ದುಡ್ಡು. ಆ ದುಡ್ಡು ಬಂದಿದ್ದು ಅಕ್ಕಿಯಿಂದ.

ಎರಡನೇ ದನಿ: ಅಕ್ಕಿನಾ? ನಾನು ಮೆಣಸು ಅಂದ್ಕೊಂಡಿದ್ದೆ.

ಮೊದಲ ದನಿ: ಮೆಣಸೂ ಹೋಗ್ತಿತ್ತು. ಆದ್ರೆ ಗೋವಾದಲ್ಲಿ ಕೂತಿದ್ದ ಪೋರ್ಚುಗೀಸರಿಗೆ ಹೊಟ್ಟೆ ತುಂಬ್ಬೇಕಲ್ಲ? ಅವರ ಅನ್ನ ಈ ಕರಾವಳಿಯಿಂದ ಹೋಗ್ತಿತ್ತು.

ಎರಡನೇ ದನಿ: ಸರಿ, ಸುಮ್ನೆ ದುಡ್ಡು ಕೊಟ್ಟು ತಗೊಂಡು ಹೋಗ್ಬಹುದಿತ್ತು. ಹೊಳೆ ಬಾಯಲ್ಲಿ ಕೋಟೆ ಯಾಕೆ ಕಟ್ಟಿದ್ರು?

ಮೊದಲ ದನಿ: ಅದನ್ನೇ ಇವತ್ತು ಮಾತಾಡೋಣ.

ಸರಣಿಯ ಹೆಸರು, ನಡೆಸಿಕೊಡುವವರ ಹೆಸರು ಬರಬೇಕಾದದ್ದು ಇದಾದ ಮೇಲೆ. ಕಥೆ ಬೇಕೆನಿಸಿದ ಮೇಲೆಯೇ ಹೇಳುವವರು ಯಾರೆಂಬ ಕುತೂಹಲ ಹುಟ್ಟುತ್ತದೆ.

ಎರಡನೇ ದನಿಯನ್ನು ಗಮನಿಸಿ. ಅನೇಕ ಪಾಡ್‌ಕಾಸ್ಟ್‌ಗಳಲ್ಲಿ ಆ ದನಿಯ ಪಾಲಿಗೆ ಉಳಿಯುವುದು ‘ಹೌದಾ!’, ‘ಅಬ್ಬಾ!’ ಎರಡೇ. ಅದು ಹರಿಕಥೆಯ ಹಿಮ್ಮೇಳದಷ್ಟೂ ಕೆಲಸ ಮಾಡುವುದಿಲ್ಲ. ಇಲ್ಲಿ ಆಕೆ ಊರು ನೋಡಿದವಳು; ಸಮುದ್ರ ಕಾಣುವುದಿಲ್ಲವೆಂದು ಅಡ್ಡಮಾತು ತೆಗೆಯುತ್ತಾಳೆ. ಬಸರೂರು ಕಡಲಂಚಿನ ಬಂದರಲ್ಲ, ಹೊಳೆಯ ಬಂದರು ಎಂಬುದು ಆ ಅಡ್ಡಮಾತಿನಿಂದಲೇ ಕೇಳುಗರಿಗೆ ತಿಳಿದುಬಿಡುತ್ತದೆ, ಬೇರೆ ವಿವರಣೆ ಬೇಕಿಲ್ಲ.

ಅಂಕಿಗಳನ್ನೂ ನೋಡಿ. ಆ ಕಾಲದ ಇಂಗ್ಲಿಷ್ ವರ್ತಕರ ಪತ್ರದಲ್ಲಿ 85 ಸಣ್ಣ ಹಡಗು, 3 ದೊಡ್ಡ ಹಡಗು ಎಂದಿದೆ. ಬರಹದಲ್ಲಿ ಅಷ್ಟನ್ನೂ ಕೊಡಬೇಕು, ಕಿವಿಗೆ ‘ಎಂಬತ್ತಕ್ಕೂ ಜಾಸ್ತಿ’ ಸಾಕು. ಇಸವಿಯೂ ಒಂದೇ ಬಂದಿದೆ. ಕೋಟೆಯ 1569 ಕಂತಿನೊಳಗೆ ಬಂದರಾಯಿತು.

ಇನ್ನೊಂದು ತೊಡಕು ಹೆಸರುಗಳದ್ದು. ಬಸರೂರು, ಬಾರಕೂರು ಎರಡೂ ಹಳೆಯ ವ್ಯಾಪಾರದ ಊರುಗಳೇ, ಎರಡೂ ಇಂದಿನ ಉಡುಪಿ ಜಿಲ್ಲೆಯಲ್ಲಿವೆ, ಹೊಸಬರ ಕಿವಿಗೆ ಎರಡೂ ಒಂದೇ. ಎರಡನ್ನೂ ಹೇಳಲೇಬೇಕಾದಾಗ ಹೊಳೆಯ ಹೆಸರನ್ನು ಜತೆಗಿಟ್ಟುಬಿಡಿ: ವಾರಾಹಿಯ ಬಸರೂರು, ಸೀತಾ ನದಿಯ ಬಾರಕೂರು. ಪರಿಚಯದಲ್ಲಂತೂ ಬಾರಕೂರು ಬೇಡವೇ ಬೇಡ. ಊರಿನ ಹೆಸರನ್ನು ‘ಅದು’, ‘ಅಲ್ಲಿ’ ಎಂದು ಮರೆಸದೆ ಎರಡು ಮೂರು ಸಲ ಪೂರ್ತಿ ಹೇಳಿ. ನಡುವೆ ಹಾರ್ನ್ ಹೊಡೆದರೂ ಕೇಳುಗರ ಕೈತಪ್ಪಬಾರದು.

ಕನ್ನಡದ್ದೇ ಆದ ಕಷ್ಟವೂ ಒಂದಿದೆ. ‘ಮಾಲವಣದಿಂದ ಹೊರಟು ಗೋವಾವನ್ನು ದಾಟಿ ಬಂದ ದಂಡು ಕೆಳದಿಯವರ ಆಳ್ವಿಕೆಯಲ್ಲಿದ್ದ ಬಸರೂರನ್ನು...’ ಎಂದು ಶುರುವಾದ ವಾಕ್ಯದಲ್ಲಿ ಏನಾಯಿತೆಂಬುದು ಗೊತ್ತಾಗುವುದು ಕೊನೆಯ ಪದಕ್ಕೆ. ಕ್ರಿಯಾಪದ ಬರುವವರೆಗೆ ಕೇಳುಗರು ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಿಂತಿರಬೇಕು. ಇದನ್ನು ಮೂರು ಸಣ್ಣ ವಾಕ್ಯ ಮಾಡಿದರೆ ಹೊರೆ ಇಳಿಯುತ್ತದೆ. ತಪ್ಪು ಎಲ್ಲಿದೆಯೆಂದು ಪತ್ತೆಮಾಡಲು ಗಟ್ಟಿಯಾಗಿ ಓದಿದರೆ ಸಾಕು. ಉಸಿರು ಸಾಲದೆ ಬಂದ ಕಡೆ ವಾಕ್ಯ ಮುರಿಯಿರಿ, ‘ಹೋಗುತ್ತಿತ್ತು’ ಎಂದು ಬರೆದದ್ದನ್ನು ನಾಲಿಗೆ ‘ಹೋಗ್ತಿತ್ತು’ ಎಂದರೆ ಹಾಗೆಯೇ ತಿದ್ದಿ. ಕುಂದಾಪುರದವರಾದರೆ ನಿಮ್ಮ ಕುಂದಗನ್ನಡದಲ್ಲೇ ಹೇಳಿ. ಬೇರೆ ಕಡೆಯವರು ಅದನ್ನು ಅನುಕರಿಸಲು ಹೋಗಬೇಡಿ, ಆ ಊರಿನವರಿಗೆ ನಗು ಬರುತ್ತದೆ.

ಕೊನೆಯದಾಗಿ, ಚರಿತ್ರೆ ಓದದ ಒಬ್ಬರಿಗೆ ಧ್ವನಿಮುದ್ರಣವನ್ನು ಒಮ್ಮೆ ಮಾತ್ರ ಕೇಳಿಸಿ, ಏನು ನೆನಪಿದೆಯೆಂದು ಕೇಳಿ. ಅಕ್ಕಿ ಎಂದರೆ ಗೆದ್ದಿರಿ. ಬರೀ ಶಿವಾಜಿ ಎಂದರೆ ಮತ್ತೆ ಬರೆಯಬೇಕು. ಪರಿಚಯವನ್ನು ಎಲ್ಲಕ್ಕಿಂತ ಮೊದಲು ಬರೆಯುವ ಅಭ್ಯಾಸವನ್ನೂ ಬಿಡಿ. ಬಸರೂರಿನ ಕಂತು ಪೂರ್ತಿ ಮುಗಿದ ಮೇಲೆ ಬರೆಯಿರಿ. ಕೋಟೆ ಯಾಕೆ ಕಟ್ಟಿದರೆಂಬ ಪ್ರಶ್ನೆಗೆ ಕಂತಿನಲ್ಲಿ ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನು ಪರಿಚಯದಿಂದ ತೆಗೆದುಹಾಕಿ.